ಟೆಕ್ ಮೀಟಪ್‌ಗೆ ಹೆಸರಿಡುವಾಗ: ಬರಿಯ ಹೆಸರು ಹೊಸಬರಿಗೆ ಸಿಗಲಿ

ಮೀಟಪ್ ಗುಂಪು ಶುರುವಾದ ಮೊದಮೊದಲು ಬರುವವರೆಲ್ಲ ಯಾರೋ ಪರಿಚಯದವರು ಕರೆದದ್ದಕ್ಕೆ ಬಂದವರು. ಆಗ ಗುಂಪಿಗೆ ಏನು ಹೆಸರಿಟ್ಟರೂ ನಡೆಯುತ್ತದೆ. ಮೂವತ್ತು ನಲವತ್ತು ಜನ ದಾಟಿದ ಮೇಲೆ ಯಾರ ಗುರುತೂ ಇಲ್ಲದವರು ಕಾರ್ಯಕ್ರಮಗಳ ಪಟ್ಟಿಯಲ್ಲಿ ಹೆಸರನ್ನಷ್ಟೇ ನೋಡಿ, ಹೋಗಬೇಕೋ ಬೇಡವೋ ಎಂದು ನಿರ್ಧರಿಸತೊಡಗುತ್ತಾರೆ. ವಿವರಣೆ ಓದುವಷ್ಟು ಹೊತ್ತು ಅವರು ಅಲ್ಲಿ ನಿಲ್ಲುವುದಿಲ್ಲ. ಆಗ ಒಳಗಿನವರಿಗೆ ತಮಾಷೆಯಾಗಿ ಕಂಡ ಹೆಸರು ಹೊರಗಿನವರಿಗೆ "ಇದು ನನ್ನಂಥವರಿಗಲ್ಲ" ಎಂದು ಹೇಳುತ್ತಿರಬಹುದು.

ಇಂಥ ಸಣ್ಣ ಸೂಚನೆಗಳು ಎಷ್ಟು ಕೆಲಸ ಮಾಡುತ್ತವೆ ಎಂಬುದಕ್ಕೆ ಹತ್ತಿರದ ಒಂದು ಆಧಾರವಿದೆ. ಮನೋವಿಜ್ಞಾನಿ ಸಪ್ನಾ ಚೆರ್ಯನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೋಣೆಯಲ್ಲಿ ವೈಜ್ಞಾನಿಕ ಕಥೆಗಳ ಪೋಸ್ಟರ್, ವಿಡಿಯೊ ಗೇಮ್ ಮುಂತಾದ ವಸ್ತುಗಳಿದ್ದಾಗ ಕಂಪ್ಯೂಟರ್ ವಿಜ್ಞಾನದ ಬಗ್ಗೆ ಯುವತಿಯರ ಆಸಕ್ತಿ ಕುಗ್ಗಿತು. ಅವುಗಳ ಜಾಗದಲ್ಲಿ ಪ್ರಕೃತಿಚಿತ್ರದಂಥ ಸಾಮಾನ್ಯ ವಸ್ತುಗಳನ್ನಿಟ್ಟಾಗ ಹಾಗಾಗಲಿಲ್ಲ. ಅದು ಕೋಣೆಯ ವಸ್ತುಗಳ ಅಧ್ಯಯನ, ಹೆಸರುಗಳದ್ದಲ್ಲ ನಿಜ. ಆದರೂ ಹೊಸಬರು ಗುಂಪಿನಲ್ಲಿ ಎಲ್ಲಕ್ಕಿಂತ ಮೊದಲು ನೋಡುವುದು ಹೆಸರನ್ನೇ ಆದ್ದರಿಂದ ಅದೇ ಎಚ್ಚರ ಇಲ್ಲಿಯೂ ಬೇಕು.

ಮೊದಲು: ಉಳಿಯುವುದೇನು, ಬದಲಾಗುವುದೇನು

ಹೆಸರು ಯೋಚಿಸುವ ಮುನ್ನ ಒಂದು ಹಾಳೆಯಲ್ಲಿ ಎರಡು ಕಾಲಂ ಹಾಕಿ. ಮೂರು ವರ್ಷ ಕಳೆದರೂ ಬದಲಾಗದ ಸಂಗತಿಗಳು ಎಡಕ್ಕೆ, ಬದಲಾಗುವ ಸಂಗತಿಗಳು ಬಲಕ್ಕೆ. ವಿಷಯದ ವಿಶಾಲ ಹೆಸರು ಮತ್ತು ಸೇರುವ ಊರು ಸಾಮಾನ್ಯವಾಗಿ ಎಡಕ್ಕೆ ಬರುತ್ತವೆ. ಬಳಸುವ ಫ್ರೇಮ್‌ವರ್ಕ್, ಅದರ ಆವೃತ್ತಿ, ಸೇರುವ ವಾರ, ಜಾಗ ಕೊಡುವ ಸಂಸ್ಥೆ ಬಲಕ್ಕೆ. ಬರುವವರ ಮಟ್ಟವೂ ಬಲಕ್ಕೇ ಹೋಗಬೇಕು, ಹೆಚ್ಚಿನವರು ಎಡವುವುದು ಇಲ್ಲಿ. ಗುಂಪಿನ ಹೆಸರು ಎಡಗಡೆಯ ಪದಗಳಿಂದಷ್ಟೇ ಆಗಲಿ.

ಆವೃತ್ತಿ ಅಥವಾ ಉತ್ಪನ್ನದ ಹೆಸರಿಗೆ ಕಟ್ಟಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಆ್ಯಂಗುಲರ್‌ಜೆಎಸ್ ಒಳ್ಳೆಯ ನಿದರ್ಶನ. 2016ರಲ್ಲಿ ಅದನ್ನು ಹೊಸದಾಗಿ ಬರೆದು ಬರಿಯ "ಆ್ಯಂಗುಲರ್" ಎಂದು ಹೊರತಂದರು. ಹಳೆಯದಕ್ಕೆ ಬೆಂಬಲ 2021ರ ಕೊನೆಗೆ ನಿಂತುಹೋಯಿತು. ಹಳೆಯ ಹೆಸರನ್ನೇ ಹೊತ್ತ ಗುಂಪಿಗೆ ಹೊಸಬರೊಬ್ಬರು ಬಂದರೆ, ಇಲ್ಲಿ ಕಲಿಸುವುದು ಸತ್ತ ವಿದ್ಯೆಯೋ ಜೀವಂತ ವಿದ್ಯೆಯೋ ತಿಳಿಯುವುದಿಲ್ಲ. ಅನುಭವಿಗಳಿಗೆ ಆ ಇತಿಹಾಸ ಗೊತ್ತು, ಹೆಸರಿನತ್ತ ಅವರ ಕಣ್ಣೇ ಹೋಗುವುದಿಲ್ಲ. ಗೊಂದಲ ಪೂರ್ತಿಯಾಗಿ ಹೊಸಬರ ಪಾಲಿಗೇ ಬೀಳುತ್ತದೆ.

"ಬಿಗಿನರ್ಸ್" ಎಂದು ಹೆಸರಿನಲ್ಲೇ ಹಾಕಿದರೆ ಆಗದೇ?

ಹೊಸಬರನ್ನು ಸ್ವಾಗತಿಸಲು ಹೊರಟ ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಇದೇ. ಮೊದಲ ಆರು ತಿಂಗಳು ಚೆನ್ನಾಗಿಯೂ ನಡೆಯುತ್ತದೆ. ಆಮೇಲೆ ಏನಾಗುತ್ತದೆ ಎಂಬುದನ್ನು ಹೆಚ್ಚುಕಡಿಮೆ ಮೊದಲೇ ಹೇಳಬಹುದು.

ಮೊದಲ ಸಭೆಗೆ ಬಂದ ಹನ್ನೆರಡು ಜನರಲ್ಲಿ ಆರು ಮಂದಿ ತಪ್ಪದೆ ಬರುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ಅವರಿಗೆ ಲೂಪ್, ಫಂಕ್ಷನ್ ಎಲ್ಲ ಹಳತಾಗಿರುತ್ತದೆ. ಭಾಷಣ ಮಾಡಲು ಒಪ್ಪುವವರೂ ಅವರೇ. ತಮಗೆ ಈಗ ಆಸಕ್ತಿಯಿರುವ ವಿಷಯವನ್ನೇ ಅವರು ತರುತ್ತಾರೆ: ಕಂಟೇನರ್, ಪರ್ಫಾರ್ಮೆನ್ಸ್, ಡೇಟಾಬೇಸ್ ಇಂಡೆಕ್ಸ್. ಫಲಕದಲ್ಲಿ ಮಾತ್ರ ಇನ್ನೂ "ಬಿಗಿನರ್ಸ್" ಎಂದೇ ಇರುತ್ತದೆ. ಅದನ್ನು ನಂಬಿ ಬಂದ ಹೊಸಬರಿಗೆ ಏನೂ ಅರ್ಥವಾಗುವುದಿಲ್ಲ. ಮಟ್ಟ ಹೇಳದ ಗುಂಪಾಗಿದ್ದರೆ "ಇವತ್ತಿನ ವಿಷಯ ಕಷ್ಟದ್ದು" ಎಂದುಕೊಂಡು ಸುಮ್ಮನಾಗುತ್ತಿದ್ದರು. ಇಲ್ಲಿ "ಹೊಸಬರ ಗುಂಪಿನಲ್ಲೇ ನನಗೆ ತಿಳಿಯದಿದ್ದರೆ ಈ ವಿದ್ಯೆ ನನಗೆ ಹತ್ತುವುದಲ್ಲ" ಎಂದುಕೊಂಡು ಎದ್ದು ಹೋಗುತ್ತಾರೆ. ಇದು ಹೆಸರೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ಇನ್ನೊಂದು ತೊಡಕು ನೆರವು ಕೊಡುವವರದು. ಐದು ವರ್ಷದ ಅನುಭವವಿರುವವರು "ಬಿಗಿನರ್ಸ್ ಕ್ಲಬ್"ಗೆ ಬರಲು ಹಿಂಜರಿಯುತ್ತಾರೆ. ಬಂದರೂ ಅದನ್ನು ಸಮಾಜಸೇವೆಯೆಂದು ನೋಡುತ್ತಾರೆ, ತಮ್ಮ ಗುಂಪೆಂದು ನೋಡುವುದಿಲ್ಲ. ಸಿಕ್ಕಿಬಿದ್ದ ಕೋಡ್ ಬಿಡಿಸಿಕೊಡುವವರು ಇಲ್ಲದ ಗುಂಪು ಹೊಸಬರಿಗೇ ಉಪಯೋಗಕ್ಕೆ ಬಾರದು. ಅಲ್ಲದೆ ತನ್ನ ಮಟ್ಟವನ್ನು ತಾನೇ ಸರಿಯಾಗಿ ಅಳೆಯುವುದು ಯಾರಿಗೂ ಸುಲಭವಲ್ಲ. ಎರಡು ವರ್ಷ ಕೋಡ್ ಬರೆದವರೂ ತಮ್ಮನ್ನು ಬಿಗಿನರ್ ಎಂದುಕೊಳ್ಳುತ್ತಾರೆ. ಏನೂ ಬರೆಯದವರು "ಬಿಗಿನರ್ ಆಗುವಷ್ಟಾದರೂ ಕಲಿತು ಆಮೇಲೆ ಹೋಗೋಣ" ಎಂದು ಮನೆಯಲ್ಲೇ ಉಳಿಯುತ್ತಾರೆ.

ಹಾಗಾದರೆ ಮಟ್ಟವನ್ನು ಎಲ್ಲಿ ಹೇಳಬೇಕು? ಪ್ರತಿ ಸಭೆಯ ಶೀರ್ಷಿಕೆಯಲ್ಲಿ. ಅದಕ್ಕೆ ಮುಂದೆ ಬರೋಣ.

ಹೆಸರುಗಳನ್ನು ಕೂಡಿಹಾಕಿ, ಹೊಡೆದುಹಾಕಿ

ಮೂರ್ನಾಲ್ಕು ಜನ ಕೂತು ಹನ್ನೆರಡರಿಂದ ಹದಿನೈದು ಹೆಸರು ಬರೆಯಿರಿ. ಅವರಲ್ಲಿ ಒಬ್ಬರಾದರೂ ಆ ವಿಷಯಕ್ಕೆ ಹೊಸಬರಾಗಿರಲಿ. ಕೂಡಿಹಾಕುವಾಗ ಯಾವ ಹೆಸರನ್ನೂ ಟೀಕಿಸಬೇಡಿ. ಆಮೇಲೆ ಈ ನಾಲ್ಕು ಬಗೆಯವನ್ನು ಹೊಡೆದುಹಾಕಿ.

ಮೊದಲನೆಯದು, ಪರಾಕ್ರಮದ ಪದಗಳು: ನಿಂಜಾ, ಗುರು, ರಾಕ್‌ಸ್ಟಾರ್, ಮಾಸ್ಟರ್ಸ್, ಪ್ರೊ, ಎಲೀಟ್. ಇವು ಬರುವವರು ಈಗಾಗಲೇ ಪಳಗಿದವರೆಂದು ಸಾರುತ್ತವೆ. "ಹ್ಯಾಕರ್" ಕೂಡ ಇಲ್ಲಿಯೇ ಸೇರುತ್ತದೆ. ಒಳಗಿನವರಿಗೆ ಅದು ಚತುರ ಕೆಲಸಗಾರ, ಹೊರಗಿನವರಿಗೆ ಖಾತೆಗೆ ಕನ್ನ ಹಾಕುವವನು.

ಎರಡನೆಯದು, ಒಳಗಿನವರ ಜೋಕುಗಳು. ಪರ್ಲ್ ಭಾಷೆಯ ಬಳಕೆದಾರರು 1997ರಿಂದ ಕಟ್ಟಿದ ಪರ್ಲ್ ಮಾಂಗರ್ಸ್ ಗುಂಪುಗಳು `NY.pm`, `London.pm` ಎಂಬ ರೀತಿಯ ಹೆಸರಿಟ್ಟುಕೊಂಡವು. ಪರ್ಲ್ ಮಾಡ್ಯೂಲಿನ ಕಡತದ ಕೊನೆಗೆ `.pm` ಬರುತ್ತದೆ, ಗುಂಪಿನ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳೂ ಅವೇ. ಗೊತ್ತಿದ್ದವರಿಗೆ ಅದು ಸೊಗಸಾದ ಶ್ಲೇಷೆ. ಗೊತ್ತಿಲ್ಲದವರು ಮಧ್ಯಾಹ್ನದ ಯಾವುದೋ ಹೊತ್ತೆಂದುಕೊಂಡರೆ ತಪ್ಪೇನಿಲ್ಲ. ಆ್ಯಪಲ್ ಸಾಧನಗಳಿಗೆ ಪ್ರೋಗ್ರಾಂ ಬರೆಯುವವರ ಕೊಕೊಹೆಡ್ಸ್ ಗುಂಪುಗಳದ್ದೂ ಇದೇ ಕಥೆ. ಕೊಕೊ ಎಂಬುದು ಮ್ಯಾಕ್‌ಗೆ ಬರೆಯುವ ಫ್ರೇಮ್‌ವರ್ಕ್. ಫೋನಿಗೆ ಆ್ಯಪ್ ಮಾಡಲು ಸ್ವಿಫ್ಟ್ ಕಲಿಯಬೇಕೆಂದು ಹುಡುಕುವವರಿಗೆ ಅದರ ಸುಳಿವೇ ಇರುವುದಿಲ್ಲ. ಈ ಹೆಸರುಗಳು ಬಳಕೆದಾರರು ಒಬ್ಬರನ್ನೊಬ್ಬರು ಗುರುತಿಸಲು ಬಂದವು, ಆ ಕೆಲಸವನ್ನು ಚೆನ್ನಾಗಿಯೇ ಮಾಡಿದವು. ನಿಮ್ಮ ಗುರಿ ಅದಲ್ಲದಿದ್ದರೆ ಈ ಜಾಡು ಹಿಡಿಯಬೇಡಿ. ಜೋಕು ಬೇಕೇ ಬೇಕಿದ್ದರೆ ಟೀಶರ್ಟಿನ ಮೇಲೆ ಹಾಕಿ.

ಮೂರನೆಯದು, ಬಿಡಿಸಿ ಹೇಳಬೇಕಾದ ಸಂಕ್ಷಿಪ್ತಾಕ್ಷರಗಳು. ಗುಂಪು ಬೆಳೆದಂತೆ ಉದ್ದ ಹೆಸರು ತಾನಾಗಿ ಮೊಟಕಾಗುತ್ತದೆ, ಅದನ್ನು ತಡೆಯಲಾಗದು. ಆದ್ದರಿಂದ ಉದ್ದ ಹೆಸರಿಡುವ ಮೊದಲೇ ಅದರ ಮೊದಲಕ್ಷರಗಳು ಏನಾಗುತ್ತವೆ ಎಂದು ಬರೆದು ನೋಡಿ. ನರಜಾಲ ಸಂಶೋಧನೆಯ ದೊಡ್ಡ ಸಮ್ಮೇಳನವೊಂದರ ಸಂಕ್ಷಿಪ್ತ ರೂಪ `NIPS` ಎಂದಿತ್ತು. ಇಂಗ್ಲಿಷ್ ಆಡುಮಾತಿನಲ್ಲಿ ಅದಕ್ಕೆ ಅಸಭ್ಯ ಧ್ವನಿಯಿದ್ದುದರಿಂದ ಮಹಿಳೆಯರಿಗೆ ಮುಜುಗರ ತರುವ ತಮಾಷೆಗಳಿಗೆ ದಾರಿಯಾಯಿತು. ಕೊನೆಗೆ 2018ರಲ್ಲಿ `NeurIPS` ಎಂದು ಬದಲಿಸಿದರು. ಪೂರ್ಣ ಹೆಸರಿನಲ್ಲಿ ಯಾವ ದೋಷವೂ ಇರಲಿಲ್ಲ, ದೋಷ ಮೊಟಕಾದ ರೂಪದಲ್ಲಿತ್ತು.

ನಾಲ್ಕನೆಯದು, ಗುಂಪು ಎಂಥದ್ದೆಂದು ತಪ್ಪಾಗಿ ಹೇಳುವ ಕೊನೆಯ ಪದ. "ಅಕಾಡೆಮಿ" ಎಂದರೆ ಶುಲ್ಕ, ಪರೀಕ್ಷೆ, ಸರ್ಟಿಫಿಕೇಟ್ ನೆನಪಾಗುತ್ತವೆ. "ಕ್ಲಬ್" ಎಂದರೆ ಸದಸ್ಯತ್ವ ಬೇಕೇನೋ ಎಂಬ ಅನುಮಾನ. "ಫೋರಂ" ಎಂದರೆ ಮಾತಾಡಬಲ್ಲವರ ಜಾಗ. ಬಳಗ, ಕೂಟ, ಮೀಟಪ್ ಇವುಗಳಲ್ಲಿ ಬಾಗಿಲು ತೆರೆದೇ ಇರುವಂತೆ ತೋರುತ್ತದೆ.

ಅಪರಿಚಿತರ ಪರೀಕ್ಷೆ

ಉಳಿದ ನಾಲ್ಕೈದು ಹೆಸರುಗಳನ್ನು ನಿಮ್ಮಲ್ಲೇ ಮತಕ್ಕೆ ಹಾಕಬೇಡಿ. ಮತ ಹಾಕುವವರೆಲ್ಲ ಒಳಗಿನವರೇ, ಅವರಿಗೆ ಜೋಕೇ ಇಷ್ಟವಾಗುತ್ತದೆ. ಗುಂಪಿಗೆ ಸಂಬಂಧವಿಲ್ಲದ ಐದು ಜನರನ್ನು ಹುಡುಕಿ: ಕೋಡ್ ಬರೆಯದ ಇಬ್ಬರು, ಒಬ್ಬ ವಿದ್ಯಾರ್ಥಿ, ಬೇರೆ ವೃತ್ತಿಯಿಂದ ಈ ಕಡೆ ಬರಲು ನೋಡುತ್ತಿರುವ ಒಬ್ಬರು, ಇಂಗ್ಲಿಷ್ ಅಷ್ಟಾಗಿ ಒಗ್ಗದ ಒಬ್ಬರು. ಫೋನಿನಲ್ಲಿ ಹೆಸರನ್ನು ಒಮ್ಮೆ ಮಾತ್ರ ಹೇಳಿ, ಬರೆದುಕೊಳ್ಳಲು ಹೇಳಿ. ಆಮೇಲೆ ಮೂರೇ ಪ್ರಶ್ನೆ ಕೇಳಿ. ಅಲ್ಲಿ ಏನು ನಡೆಯುತ್ತದೆ ಅನ್ನಿಸುತ್ತದೆ? ಅಲ್ಲಿಗೆ ಎಂಥವರು ಹೋಗುತ್ತಾರೆ? ನೀವೇ ಹೋಗಬೇಕೆಂದರೆ ಮೊದಲು ಏನು ಕಲಿತಿರಬೇಕು? "ಹೆಸರು ಚೆನ್ನಾಗಿದೆಯಾ" ಎಂದು ಮಾತ್ರ ಕೇಳಬೇಡಿ. ಎಲ್ಲರೂ ಚೆನ್ನಾಗಿದೆ ಎಂದೇ ಹೇಳುತ್ತಾರೆ.

ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಪೈಥಾನ್ ಕಲಿಯುವವರ ಗುಂಪೊಂದು, ಮುಂದೆ ಬಂದಿರುವ ನಾಲ್ಕು ಹೆಸರು: ಪೈ ನಿಂಜಾಸ್, `__init__`, ಪೈಥಾನ್ ಬಿಗಿನರ್ಸ್ ಕ್ಲಬ್, ಮತ್ತು ಊರಿನ ಹೆಸರು ಸೇರಿಸಿ "(ಊರು) ಪೈಥಾನ್ ಬಳಗ".

ಪೈ ನಿಂಜಾಸ್ ಹೆಸರನ್ನು ಐವರಲ್ಲಿ ನಾಲ್ವರು ಸರಿಯಾಗಿ ಬರೆಯುತ್ತಾರೆ ಎಂದಿಟ್ಟುಕೊಳ್ಳಿ. ಆದರೆ ಏನು ನಡೆಯುತ್ತದೆ ಎಂದರೆ ಒಬ್ಬರು ಗಣಿತ ಸ್ಪರ್ಧೆ ಎನ್ನುತ್ತಾರೆ, ಇನ್ನೊಬ್ಬರು ಕೋಡಿಂಗ್ ಸ್ಪರ್ಧೆ ಎನ್ನುತ್ತಾರೆ. ಸ್ಪರ್ಧೆ ಎಂಬ ಭಾವನೆ ಎರಡು ಕಡೆಯೂ ಬಂತೆಂದರೆ ಆ ಹೆಸರು ಅಲ್ಲಿಗೇ ಮುಗಿಯಿತು. `__init__` ಅನ್ನು ಫೋನಿನಲ್ಲಿ ಹೇಳಲೇ ಬಾರದು. "ಅಂಡರ್‌ಸ್ಕೋರ್ ಅಂಡರ್‌ಸ್ಕೋರ್ ಇನಿಟ್" ಎಂದು ಹೇಳಿದರೂ ಪೈಥಾನ್ ಬಾರದವರಿಗೆ ಅದು ಹೆಸರೆಂದೇ ಹೊಳೆಯದು. ಹುಡುಕುಪೆಟ್ಟಿಗೆಯಲ್ಲಿ ಹಾಕಿದರೆ ಗುಂಪು ಸಿಗುವ ಬದಲು ಪೈಥಾನ್ ಕ್ಲಾಸ್ ಬರೆಯುವ ಪಾಠಗಳು ಸಿಗುತ್ತವೆ. ಬಿಗಿನರ್ಸ್ ಕ್ಲಬ್ ಇಂದಿನ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲುತ್ತದೆ. ಅದಕ್ಕೇ ಮೂರನೆಯ ಪ್ರಶ್ನೆಗೆ ಬಂದ ಉತ್ತರವನ್ನು ಎಡಬಲ ಕಾಲಂಗಳ ಹಾಳೆಯ ಜೊತೆಗಿಟ್ಟು ನೋಡಬೇಕು: "ಏನೂ ಬೇಡ" ಎಂಬ ಮಾತನ್ನು ಎರಡು ವರ್ಷದ ನಂತರವೂ ಪ್ರತಿ ಸಭೆಯಲ್ಲಿ ಉಳಿಸಿಕೊಳ್ಳಬಲ್ಲಿರಾ? ಇಲ್ಲವೆಂದಾದರೆ ಅದನ್ನೂ ಬಿಡಿ. ಉಳಿದದ್ದು ಊರು, ವಿಷಯ, ಬಳಗ. ಸಪ್ಪೆ ಹೆಸರೇ. ಐವರೂ ಬರೆಯಬಲ್ಲರು, ಏನು ನಡೆಯುತ್ತದೆಂದು ಊಹಿಸಬಲ್ಲರು. ಮೂರನೆಯ ಪ್ರಶ್ನೆಗೆ ಒಬ್ಬರೋ ಇಬ್ಬರೋ "ಸ್ವಲ್ಪ ಪೈಥಾನ್ ಬರಬೇಕೇನೋ" ಎನ್ನಬಹುದು. ಆ ಅನುಮಾನವನ್ನು ಹೆಸರಿನ ಕೆಳಗಿನ ಒಂದು ಸಾಲು ನಿವಾರಿಸುತ್ತದೆ: "ಕೋಡ್ ಬರೆದು ಅಭ್ಯಾಸವಿಲ್ಲದವರೂ ಬರಬಹುದು, ಉಚಿತ." ಹೆಸರಿಗಿಂತ ಈ ಸಾಲನ್ನು ಬದಲಿಸುವುದು ಸುಲಭ, ಮಟ್ಟದ ಮಾತು ಇಲ್ಲಿರಲಿ.

ಐವರಲ್ಲಿ ನಾಲ್ವರು ಸರಿಯಾಗಿ ಬರೆದುಕೊಂಡು, ಒಬ್ಬರೂ "ನನ್ನಂಥವರಿಗಲ್ಲ" ಎನ್ನದಿದ್ದರೆ ಹೆಸರು ಗೆದ್ದಂತೆ.

ಅನುಮತಿ ಮತ್ತು ಹ್ಯಾಂಡಲ್

ವಿಷಯದ ಹೆಸರು ಬಹಳ ಸಲ ಯಾರದೋ ಟ್ರೇಡ್‌ಮಾರ್ಕ್. "ಪೈಥಾನ್" ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ನಿನ ಟ್ರೇಡ್‌ಮಾರ್ಕ್. ಉಚಿತವಾಗಿ ಸೇರಬಹುದಾದ ಬಳಕೆದಾರರ ಗುಂಪುಗಳು ಆ ಪದವನ್ನು ಹೆಸರಿನಲ್ಲಿ ಬಳಸಲು ಅವರ ನೀತಿ ಅವಕಾಶ ಕೊಡುತ್ತದೆ. ಮುಂದೆ ಹಣ ತೆಗೆದುಕೊಂಡು ತರಗತಿ ನಡೆಸುವ ಯೋಚನೆಯಿದ್ದರೆ ಮೊದಲೇ ಅವರನ್ನು ಕೇಳಿ. ಕಂಪನಿಯ ಉತ್ಪನ್ನದ ಹೆಸರಾದರೆ ಅವರ ಟ್ರೇಡ್‌ಮಾರ್ಕ್ ನೀತಿಯನ್ನು ಓದದೆ ಫಲಕ ಮಾಡಿಸಬೇಡಿ.

ಹುಡುಕಿದರೆ ಸಿಗುತ್ತದೆಯೇ ಎಂದೂ ನೋಡಿ. ಗೋ ಭಾಷೆಯ ಹೆಸರು ಇಂಗ್ಲಿಷಿನ ಅತಿ ಸಾಮಾನ್ಯ ಪದವಾದ್ದರಿಂದ ಹುಡುಕುವವರು `golang` ಎಂದೇ ಟೈಪ್ ಮಾಡುತ್ತಾರೆ, ಗುಂಪುಗಳೂ ಹಾಗೇ ಬರೆದುಕೊಳ್ಳುತ್ತವೆ. ಹೆಸರು ಕನ್ನಡ ಲಿಪಿಯಲ್ಲಿದ್ದರೂ ಹ್ಯಾಂಡಲ್ ಲ್ಯಾಟಿನ್ ಅಕ್ಷರದಲ್ಲೇ ಇರಬೇಕಾಗುತ್ತದೆ. "ಬಳಗ"ವನ್ನು `balaga` ಎಂದೂ `ballaga` ಎಂದೂ ಬರೆಯುವವರಿರುತ್ತಾರೆ. ಆದ್ದರಿಂದ ಹ್ಯಾಂಡಲ್‌ನಲ್ಲಿ ಆ ಪದವನ್ನೇ ಬಿಟ್ಟು, ವಿಷಯ ಮತ್ತು ಊರನ್ನಷ್ಟೇ ಇಟ್ಟುಕೊಳ್ಳುವುದು ಕ್ಷೇಮ. ಬಳಸುವ ಎಲ್ಲ ಜಾಲತಾಣಗಳಲ್ಲೂ ಒಂದೇ ಹ್ಯಾಂಡಲ್ ಒಂದೇ ದಿನ ಹಿಡಿದಿಡಿ.

ಮಟ್ಟ ಸಭೆಯ ಶೀರ್ಷಿಕೆಗೆ

ಸಭೆಗೆ "ಬೇಸಿಕ್", "ಇಂಟರ್‌ಮೀಡಿಯಟ್", "ಅಡ್ವಾನ್ಸ್ಡ್" ಎಂದು ಹಣೆಪಟ್ಟಿ ಹಚ್ಚುವ ಬದಲು, ಬರುವವರು ಮೊದಲೇ ಏನು ಮಾಡಿರಬೇಕು ಎಂಬುದನ್ನು ಬರೆಯಿರಿ. ತಾನು ಇಂಟರ್‌ಮೀಡಿಯಟ್ ಹೌದೋ ಅಲ್ಲವೋ ಹೇಳುವುದು ಕಷ್ಟ. ಫಂಕ್ಷನ್ ಬರೆದಿದ್ದೇನೋ ಇಲ್ಲವೋ ಎಂಬುದು ಎಲ್ಲರಿಗೂ ಗೊತ್ತು.

```
(ಊರು) ಪೈಥಾನ್ ಬಳಗ: ಸಿಎಸ್‌ವಿ ಕಡತ ಓದುವುದು
ಮೊದಲೇ ಬೇಕಾದದ್ದು: ಏನೂ ಇಲ್ಲ
ತರಬೇಕಾದದ್ದು: ಲ್ಯಾಪ್‌ಟಾಪ್ (ಪೈಥಾನ್ ಅಲ್ಲೇ ಹಾಕಿಕೊಡುತ್ತೇವೆ)
```

"ಮೊದಲೇ ಬೇಕಾದದ್ದು" ಎಂಬ ಸಾಲು ಯಾವ ಸಭೆಯಲ್ಲೂ ತಪ್ಪಬಾರದು. ಒಂದು ಸಲ ಬಿಟ್ಟರೂ ಓದುವವರು ಬೇಕಾದದ್ದು ಬಹಳವಿದೆ ಎಂದೇ ಊಹಿಸುತ್ತಾರೆ. "ತುಂಬಾ ಸುಲಭ" ಎಂದೂ ಬರೆಯಬೇಡಿ. ಸುಲಭವೆಂದದ್ದು ಅರ್ಥವಾಗದೆ ಹೋದಾಗಿನ ಅವಮಾನ, ಕಷ್ಟವೆಂದದ್ದು ಅರ್ಥವಾಗದಾಗ ಇರುವುದಿಲ್ಲ.

ಗುಂಪು ಒಡೆಯುವಾಗ ಬರಿಯ ಹೆಸರು ಯಾರಿಗೆ?

ಎಂಬತ್ತು ನೂರು ಜನರಾದ ಮೇಲೆ ಒಂದೇ ಕೋಣೆಯಲ್ಲಿ ಎಲ್ಲರಿಗೂ ಹೊಂದುವ ಸಭೆ ನಡೆಸಲಾಗದು. ಬೇರೆ ಬೇರೆ ಸಭೆ ಮಾಡಲೇಬೇಕು. ವಾಡಿಕೆಯಲ್ಲಿ ಹಳಬರ ಮಾಸಿಕ ಸಭೆಗೆ ಬರಿಯ ಹೆಸರು ಉಳಿದು, ಹೊಸಬರಿಗೆ "ಬಿಗಿನರ್ಸ್ ಟ್ರ್ಯಾಕ್" ಎಂಬ ಬಾಲ ಸಿಗುತ್ತದೆ. ಅಂದಿನಿಂದ ಹೊಸಬರ ಸಭೆ ಪಕ್ಕದ ಕೋಣೆಯಾಯಿತೆಂದೇ ಲೆಕ್ಕ: ಒಳ್ಳೆಯ ವೇಳೆ, ಒಳ್ಳೆಯ ಭಾಷಣಕಾರರು, ಪ್ರಕಟಣೆಯ ಮೊದಲ ಸಾಲು ಎಲ್ಲ ಮುಖ್ಯ ಸಭೆಗೆ ಹೋಗುತ್ತವೆ. ನೆರವಿನವರು ಸಿಗದೆ ಹೊಸಬರದು ಎರಡು ತಿಂಗಳು ನಡೆಯದಿದ್ದರೆ ಯಾರೂ ಕೇಳುವುದಿಲ್ಲ.

ಇದನ್ನು ತಿರುಗಿಸಿ. "(ಊರು) ಪೈಥಾನ್ ಬಳಗ" ಎಂದಷ್ಟೇ ಇರುವ ಸಭೆ ಏನೂ ಬಾರದವರಿಗೂ ತೆರೆದದ್ದಾಗಿರಲಿ. ಬಾಲ ಹಳಬರ ಸಭೆಗೆ ಬರಲಿ, ಅದೂ ವಿಷಯದ ಬಾಲ: "(ಊರು) ಪೈಥಾನ್ ಬಳಗ, ಡೇಟಾಬೇಸ್ ಸಂಜೆ" ಎಂಬಂತೆ. ಹಳಬರಿಗೆ ದಾರಿ ಗೊತ್ತಿರುತ್ತದೆ, ಹೆಸರಿಗೆ ಎರಡು ಪದ ಸೇರಿದರೆ ಅವರೇನೂ ತಪ್ಪಿಹೋಗುವುದಿಲ್ಲ. ಹೊಸಬರು ಹುಡುಕುವುದು ಬರಿಯ ಹೆಸರನ್ನೇ, ಬಂದು ಸೇರುವುದೂ ಆ ಸಭೆಗೇ. ಇಲ್ಲಿ ಹಳಬರಿಂದ ಆಕ್ಷೇಪ ಬರುತ್ತದೆ, "ಮುಖ್ಯ ಸಭೆಯೇ ಪಾಠಶಾಲೆಯಾಯಿತು" ಎಂದು. ಅದು ಸುಳ್ಳೂ ಅಲ್ಲ. ಈ ವ್ಯವಸ್ಥೆಯ ಬೆಲೆ ಅದು. ಹಳಬರಿಗೂ ಕೆಲಸವಿರುವಂತೆ ಮಾಡಲು, ಮುಖ್ಯ ಸಭೆಯಲ್ಲಿ ಆರು ಹೊಸಬರಿಗೆ ಒಬ್ಬರಂತೆ ನೆರವಿಗೆ ನಿಲ್ಲುವ ಹೊಣೆಯನ್ನು ಹೆಸರು ಹೇಳಿ ಹಂಚಿ.

ಒಂದು ವಿನಾಯಿತಿ: ಅವಕಾಶ ಸಿಗದೆ ಉಳಿದವರನ್ನೇ ಹೆಸರು ಹಿಡಿದು ಕರೆಯುವ ಗುಂಪುಗಳು. 2010ರ ರೇಲ್ಸ್ ಗರ್ಲ್ಸ್, 2011ರ ಪೈಲೇಡೀಸ್, 2014ರ ಜ್ಯಾಂಗೊ ಗರ್ಲ್ಸ್ ಇಂಥವು. ಅಲ್ಲಿ ಹೆಸರು ಹೇಳುವುದು ಯಾರಿಗೆಂದು, ಎಷ್ಟು ಬಲ್ಲವರಿಗೆಂದು ಅಲ್ಲ. ಆದ್ದರಿಂದ ಬಂದವರು ಕಲಿತು ಮುಂದೆ ಹೋದರೂ ಹೆಸರು ಸುಳ್ಳಾಗುವುದಿಲ್ಲ.

ತಪ್ಪು ಹೆಸರಿನದೋ, ಸಭೆಯದೋ

ಪ್ರತಿ ಸಭೆಯಲ್ಲಿ ಎರಡು ಲೆಕ್ಕ ಬರೆದಿಡಿ: ಮೊದಲ ಸಲ ಬಂದವರೆಷ್ಟು, ಅವರಲ್ಲಿ ಮುಂದಿನ ಮೂರು ಸಭೆಗಳೊಳಗೆ ಮತ್ತೆ ಬಂದವರೆಷ್ಟು. ಮೊದಲ ಸಂಖ್ಯೆ ಕುಸಿಯುತ್ತಿದ್ದರೆ ಹೆಸರು, ವಿವರಣೆ, ಪ್ರಚಾರದ ಕಡೆ ನೋಡಿ. ಎರಡನೆಯದು ಕುಸಿಯುತ್ತಿದ್ದರೆ ಹೆಸರು ತನ್ನ ಕೆಲಸ ಮಾಡಿದೆ, ಬಾಗಿಲೊಳಗೆ ಬಂದವರನ್ನು ನೀವು ಉಳಿಸಿಕೊಳ್ಳುತ್ತಿಲ್ಲ. ಆಗ ಹೆಸರು ಬದಲಿಸಿ ಫಲವಿಲ್ಲ. ಇನ್ನೊಂದು ಗುರುತು, "ನನಗೆ ಅಷ್ಟು ಬರುವುದಿಲ್ಲ, ಬರಬಹುದಾ?" ಎಂಬ ಸಂದೇಶಗಳು. ಒಬ್ಬರು ಕೇಳಿದರೆಂದರೆ ಕೇಳದೆ ಹಿಂದಿರುಗಿದವರೂ ಇದ್ದಾರೆ ಎಂದುಕೊಳ್ಳಿ. ಮೊದಲು ಹೆಸರಿನ ಕೆಳಗಿನ ಸಾಲನ್ನು ತಿದ್ದಿ ಮೂರು ಸಭೆ ನೋಡಿ. ಆಮೇಲೂ ಅದೇ ಪ್ರಶ್ನೆ ಬರುತ್ತಿದ್ದರೆ ಹೆಸರು ಬದಲಿಸುವ ಮಾತು.

ಬದಲಿಸುವುದಾದರೆ ಒಂದೇ ದಿನ ಎಲ್ಲ ಕಡೆ ಬದಲಿಸಿ, ವಿವರಣೆಯಲ್ಲಿ "ಮೊದಲಿನ ಹೆಸರು ಇಂಥದ್ದು" ಎಂಬ ಸಾಲನ್ನು ಒಂದು ವರ್ಷ ಉಳಿಸಿ. ಗಿಟ್‌ಹಬ್‌ನಲ್ಲಿ ಆರ್ಗನೈಸೇಶನ್ ಹೆಸರು ಬದಲಿಸಿದರೆ ರೆಪೊಸಿಟರಿಗಳ ಹಳೆಯ ಕೊಂಡಿಗಳು ಹೊಸ ಜಾಗಕ್ಕೆ ತಿರುಗುತ್ತವೆ, ಆದರೆ ಆರ್ಗನೈಸೇಶನ್ನಿನ ಹಳೆಯ ಪುಟದ ಕೊಂಡಿ ತಿರುಗುವುದಿಲ್ಲ, ಹಳೆಯ ಹೆಸರನ್ನು ಬೇರೆ ಯಾರು ಬೇಕಾದರೂ ಪಡೆಯಬಹುದು. ಹಾಗೆ ಪಡೆದವರು ಅದೇ ಹೆಸರಿನ ರೆಪೊಸಿಟರಿ ತೆರೆದರೆ, ಹಳೆಯ ಪಾಠದ ಕೊಂಡಿ ಒತ್ತಿದ ಹೊಸಬರು ನೇರ ಅಲ್ಲಿಗೆ ಹೋಗುತ್ತಾರೆ. ಆದ್ದರಿಂದ ಬದಲಿಸಿದ ಕೂಡಲೇ ಹಳೆಯ ಹೆಸರಿನಲ್ಲಿ ಖಾಲಿ ಆರ್ಗನೈಸೇಶನ್ ಒಂದನ್ನು ನೀವೇ ತೆರೆದಿಡಿ, ಅದರೊಳಗೆ ಹಳೆಯ ಹೆಸರಿನ ಯಾವ ರೆಪೊಸಿಟರಿಯನ್ನೂ ಮಾಡಬೇಡಿ.